ಎಎಫ್‌ಪಿ ಜಾಸ್ತಿ ಇದೆ, ಸ್ಕ್ಯಾನಿಂಗ್ ನಾರ್ಮಲ್ ಇದೆ: ಮುಂದೆ ಏನು ಮಾಡಬೇಕು?

ಹಳೆಯ ಲಿವರ್ ಕಾಯಿಲೆ ಇರುವವರ ರಕ್ತದ ರಿಪೋರ್ಟ್‌ನಲ್ಲಿ ಎಎಫ್‌ಪಿ, ಅಂದರೆ ಲಿವರ್ ಕ್ಯಾನ್ಸರ್‌ನಲ್ಲಿ ಏರಬಹುದಾದ ಆಲ್ಫಾ ಫೀಟೋಪ್ರೋಟೀನ್, ಜಾಸ್ತಿ ಬಂತು ಅಂದುಕೊಳ್ಳಿ. ಎರಡು ಥರದ ಜನ ನನ್ನ ಮುಂದೆ ಬಂದು ಕೂರುತ್ತಾರೆ. ಒಬ್ಬರು ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕಿ, ಕ್ಯಾನ್ಸರ್ ಅಂತ ಓದಿ, ಊಟ ಬಿಟ್ಟು ಬಂದಿರುತ್ತಾರೆ. ಇನ್ನೊಬ್ಬರು ಹೊಟ್ಟೆ ಸ್ಕ್ಯಾನಿಂಗ್, ಅಂದರೆ ಅಲ್ಟ್ರಾಸೌಂಡ್, ಮಾಡಿಸಿ, "ಗಂಟು ಏನೂ ಇಲ್ಲಂತ್ರಿ" ಎಂದು ಹೇಳಿ ಫೈಲನ್ನು ಕಪಾಟಿಗೆ ಸೇರಿಸಿ, ಆರೆಂಟು ತಿಂಗಳು ಬಿಟ್ಟು ಬೇರೆ ಯಾವುದಕ್ಕೋ ಬಂದಿರುತ್ತಾರೆ. ನನಗೆ ಚಿಂತೆ ಜಾಸ್ತಿ ಆಗುವುದು ಈ ಎರಡನೆಯವರ ಬಗ್ಗೆ.

ಹುಬ್ಬಳ್ಳಿಯಲ್ಲಿ ಕೂತು ಗದಗ, ಹಾವೇರಿ, ಧಾರವಾಡ ಕಡೆಯ ಲಿವರ್ ರೋಗಿಗಳನ್ನು ನೋಡುವವನಾಗಿ, ಈ ಒಂದು ಪರಿಸ್ಥಿತಿಯನ್ನೇ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ: ಸಿರೋಸಿಸ್ ಅಥವಾ ಹಳೆಯ ಹೆಪಟೈಟಿಸ್ ಬಿ ಇದೆ, ಎಎಫ್‌ಪಿ ಏರಿದೆ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಿಸಿಲ್ಲ. ಸಿರೋಸಿಸ್ ಅಂದರೆ ಲಿವರ್ ವರ್ಷಗಟ್ಟಲೆ ಪೆಟ್ಟು ತಿಂದು ಗಟ್ಟಿಯಾಗಿ, ಗಂಟುಗಂಟಾಗಿರುವ ಸ್ಥಿತಿ. ಕಾರಣ ಹೆಪಟೈಟಿಸ್ ಬಿ ಅಥವಾ ಸಿ ಇರಬಹುದು, ಸಾರಾಯಿ ಇರಬಹುದು, ಸಕ್ಕರೆ ಕಾಯಿಲೆ ಜೊತೆ ಬರುವ ಕೊಬ್ಬಿನ ಲಿವರ್ ಇರಬಹುದು. ಕಾರಣ ಯಾವುದಾದರೂ ಆಗಲಿ, ಸಿರೋಸಿಸ್ ಬಂದ ಮೇಲೆ ಲಿವರ್ ಕ್ಯಾನ್ಸರ್ ಹುಡುಕುತ್ತಲೇ ಇರಬೇಕು.

ಮೊದಲು ರಿಪೋರ್ಟನ್ನೇ ಸರಿಯಾಗಿ ಓದಿ

ಅಂಕಿಯ ಪಕ್ಕದಲ್ಲಿ ಯಾವ ಅಳತೆ ಬರೆದಿದೆ ನೋಡಿ. ಹೆಚ್ಚಿನ ಲ್ಯಾಬ್‌ಗಳು ಒಂದು ಮಿಲಿಲೀಟರ್ ರಕ್ತದ ಸೀರಂನಲ್ಲಿ ಎಷ್ಟು ನ್ಯಾನೋಗ್ರಾಂ ಅಂತ ಕೊಡುತ್ತವೆ, ಕೆಲವು ಐಯು ಲೆಕ್ಕದಲ್ಲಿ ಕೊಡುತ್ತವೆ. ಒಂದು ಐಯು ಅಂದರೆ ಸುಮಾರು 1.2 ನ್ಯಾನೋಗ್ರಾಂ. ಹಾಗಾಗಿ ಗದಗದ ಲ್ಯಾಬ್‌ನಲ್ಲಿ 17 ಐಯು ಬಂದು, ಹುಬ್ಬಳ್ಳಿಯಲ್ಲಿ 20 ನ್ಯಾನೋಗ್ರಾಂ ಬಂದರೆ ಏರಿದ್ದು ಏನೂ ಇಲ್ಲ, ಎರಡೂ ಒಂದೇ. ಇದೊಂದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಗಾಬರಿ ಆಗುತ್ತಾರೆ. ಲ್ಯಾಬ್‌ಗಳ ಮಷೀನ್ ಬೇರೆಬೇರೆ ಇರುವುದರಿಂದ ಅಳತೆ ಒಂದೇ ಇದ್ದರೂ ಅಂಕಿ ಸ್ವಲ್ಪ ಹಿಂದೆಮುಂದೆ ಆಗುತ್ತದೆ. ಆದ್ದರಿಂದ ಸಾಧ್ಯವಾದಷ್ಟು ಪ್ರತಿ ಸಲ ಒಂದೇ ಲ್ಯಾಬ್‌ಗೆ ಕೊಡಿ. ಈ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕಿಲ್ಲ.

ದೊಡ್ಡವರಲ್ಲಿ ಎಎಫ್‌ಪಿ ಸಾಮಾನ್ಯವಾಗಿ 10 ನ್ಯಾನೋಗ್ರಾಂ ಒಳಗೆ ಇರುತ್ತದೆ. ಲಿವರ್ ಕಾಯಿಲೆ ಇದ್ದವರಲ್ಲಿ 20 ಅನ್ನೋದು ನಾವು ಎದ್ದು ಕೂರುವ ಗೆರೆ. 20 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ 20ರ ಒಳಗೇ ಇದ್ದರೂ ಪ್ರತಿ ಸಲ ಏರುತ್ತಲೇ ಹೋಗುತ್ತಿದ್ದರೆ, ಮಾಮೂಲಿ ಸ್ಕ್ಯಾನಿಂಗ್ ಸಾಲದು. 400 ದಾಟಿದರೆ ಅನುಮಾನ ತುಂಬಾ ಬಲವಾಗುತ್ತದೆ, ಆದರೆ 400ರ ತನಕ ಕಾಯುವ ಹಾಗಿಲ್ಲ. ಚಿಕ್ಕ ಗಂಟು ಇದ್ದಾಗ ಅಂಕಿ ಸಾಮಾನ್ಯವಾಗಿ ಅಷ್ಟು ಮೇಲೆ ಹೋಗಿರುವುದೇ ಇಲ್ಲ. ಲಿವರ್ ಕ್ಯಾನ್ಸರ್ ಇದ್ದವರಲ್ಲಿ ಮೂರರಲ್ಲಿ ಒಬ್ಬರಿಗಾದರೂ ಎಎಫ್‌ಪಿ ನಾರ್ಮಲ್ಲೇ ಇರುತ್ತದೆ. ಹಾಗಾಗಿ "ಎಎಫ್‌ಪಿ ಚಲೋ ಐತಿ, ಸ್ಕ್ಯಾನಿಂಗ್ ಯಾಕ್ರಿ" ಅನ್ನುವುದೂ ತಪ್ಪೇ.

ಕ್ಯಾನ್ಸರ್ ಅಲ್ಲದೆ ಏರುವುದು ಯಾವಾಗ

ಲಿವರ್‌ಗೆ ಏಟು ಬಿದ್ದಾಗ ಅದು ಹೊಸ ಕೋಶಗಳನ್ನು ಬೆಳೆಸಿಕೊಳ್ಳುತ್ತದೆ. ಆ ಹೊಸ ಕೋಶಗಳು ಎಎಫ್‌ಪಿ ಬಿಡುತ್ತವೆ. ಅದಕ್ಕೇ ಎಎಫ್‌ಪಿ ಏರಿದಾಗ ನಾವು ಮೊದಲು ನೋಡುವುದು ಅದೇ ದಿನದ ಎಸ್‌ಜಿಪಿಟಿ. ಕೆಲವು ರಿಪೋರ್ಟ್‌ಗಳಲ್ಲಿ ಇದನ್ನೇ ಎಎಲ್‌ಟಿ ಅಂತ ಹಾಕಿರುತ್ತಾರೆ. ಲಿವರ್‌ನಲ್ಲಿ ಈಗ ಎಷ್ಟು ಉರಿಯೂತ ಇದೆ ಅಂತ ಹೇಳುವುದು ಇದು. ಎರಡೂ ಒಟ್ಟಿಗೆ ಏರಿದ್ದರೆ ಉರಿಯೂತದಿಂದ ಎಎಫ್‌ಪಿ ಏರಿರುವ ಸಾಧ್ಯತೆ ಇದೆ. ಎಸ್‌ಜಿಪಿಟಿ ತಣ್ಣಗಿದ್ದು ಎಎಫ್‌ಪಿ ಒಂದೇ ಏರುತ್ತಿದ್ದರೆ ಅನುಮಾನ ಜಾಸ್ತಿ ಆಗುತ್ತದೆ. ಇದು ಅಂದಾಜು ಮಾಡುವ ದಾರಿ ಅಷ್ಟೇ, ಸ್ಕ್ಯಾನ್ ತಪ್ಪಿಸಿಕೊಳ್ಳಲು ನೆಪ ಅಲ್ಲ.

ಗರ್ಭಿಣಿಯರಲ್ಲಿ ಎಎಫ್‌ಪಿ ಸಹಜವಾಗಿಯೇ ಜಾಸ್ತಿ. ವೃಷಣ ಅಥವಾ ಅಂಡಾಶಯದ ಕೆಲವು ಗಡ್ಡೆಗಳಲ್ಲೂ ಏರುತ್ತದೆ. ಹುಡುಗರಿಗೆ ವೃಷಣ ಪರೀಕ್ಷೆ ಮಾಡಬೇಕು ಅಂದರೆ ನಾಚಿಕೆಪಡುತ್ತಾರೆ, ಆದರೆ ಲಿವರ್‌ನಲ್ಲಿ ಏನೂ ಸಿಗದಿದ್ದಾಗ ಅದನ್ನು ಬಿಡುವ ಹಾಗಿಲ್ಲ.

ಒಬ್ಬರ ಫೈಲ್ ಬಿಚ್ಚಿ ನೋಡೋಣ

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ರಾಣೆಬೆನ್ನೂರು ಕಡೆಯವರು, ಬೀಜದ ವ್ಯಾಪಾರ, ವಯಸ್ಸು 54. ಹೆಪಟೈಟಿಸ್ ಬಿ ಇರುವುದು ಹಿಂದೆ ಯಾವುದೋ ರಕ್ತದಾನ ಶಿಬಿರದಲ್ಲಿ ಗೊತ್ತಾಗಿತ್ತು. ಸಿರೋಸಿಸ್ ಇದೆ, ಆದರೆ ಹೊಟ್ಟೆಯಲ್ಲಿ ನೀರು ತುಂಬಿಲ್ಲ, ಓಡಾಡಿಕೊಂಡು ಆರಾಮ ಇದ್ದರು. ದಿನಾ ಒಂದು ಟೆನೋಫೋವಿರ್ ಮಾತ್ರೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್, ಎಎಫ್‌ಪಿ. ಎರಡು ವರ್ಷ ಅಂಕಿ 5, 6, 6 ಹೀಗೇ ಇತ್ತು.

ಮುಂಗಾರು ಸೀಸನ್ ಬಂತು. ಅಂಗಡಿ ಮುಂದೆ ಬೆಳಿಗ್ಗೆಯಿಂದ ರೈತರ ಸಾಲು. ಮಾತ್ರೆ ಖಾಲಿಯಾಗಿದ್ದನ್ನು ತರಿಸಿಕೊಳ್ಳಲಿಲ್ಲ, ನಾಲ್ಕು ತಿಂಗಳು ಹಾಗೇ ಹೋಯಿತು. ಆಮೇಲೆ ಸುಸ್ತು, ಬಾಯಿ ರುಚಿ ಇಲ್ಲ, ಕಣ್ಣು ಸ್ವಲ್ಪ ಹಳದಿ. ಮನೆಯವರು ಕಾಮಾಲೆ ಅಂತ ಹಳ್ಳಿ ಔಷಧಿ ಕುಡಿಸುವವರಿದ್ದರು, ಪುಣ್ಯಕ್ಕೆ ಮಗ ಬೇಡ ಅಂದ. ರಕ್ತ ಪರೀಕ್ಷೆ ಹೀಗಿತ್ತು: ಎಸ್‌ಜಿಪಿಟಿ 240 (40ರ ಆಸುಪಾಸು ಇರಬೇಕಾದ್ದು), ಬಿಲಿರುಬಿನ್ 2.1, ಎಎಫ್‌ಪಿ 68. ಸ್ಕ್ಯಾನಿಂಗ್‌ನಲ್ಲಿ ಲಿವರ್ ಒರಟಾಗಿದೆ, ಗಂಟು ಕಾಣಿಸಲಿಲ್ಲ.

ಮಗ ಕೇಳಿದ್ದು ಒಂದೇ ಮಾತು. "ಸರ, ಅಪ್ಪಾರು ಮಾತ್ರೆ ಬಿಟ್ಟಿದ್ದಕ್ಕ ಹಿಂಗಾತಲ್ರಿ? ಮತ್ತ ಶುರು ಮಾಡಿದ್ರ ಇಳೀತೈತಿ, ಹೌದಲ್ರಿ?"

ಅರ್ಧ ನಿಜ. ಹೆಪಟೈಟಿಸ್ ಬಿ ಮಾತ್ರೆ ದಿಢೀರ್ ಬಿಟ್ಟರೆ ವೈರಸ್ ಮತ್ತೆ ಕೆರಳುತ್ತದೆ, ಸಿರೋಸಿಸ್ ಇದ್ದವರಲ್ಲಿ ಅದು ಪ್ರಾಣಕ್ಕೂ ಬರಬಹುದು. ಉರಿಯೂತಕ್ಕೆ ಎಎಫ್‌ಪಿ ಏರಿರುವ ಸಾಧ್ಯತೆ ಖಂಡಿತ ಇತ್ತು. ಮಾತ್ರೆ ಅವತ್ತೇ ಶುರು ಮಾಡಿದೆವು. ಆದರೆ ಅಂಕಿ ಇಳಿಯುತ್ತದೋ ನೋಡೋಣ ಅಂತ ಸ್ಕ್ಯಾನ್ ಮುಂದೂಡಲಿಲ್ಲ. 20 ದಾಟಿದೆ, ಹಾಗಾಗಿ ಮಾಮೂಲಿ ಸ್ಕ್ಯಾನಿಂಗ್ ನಾರ್ಮಲ್ ಇದ್ದರೂ ಔಷಧಿ ಚುಚ್ಚಿ ಮೂರು ಹೊತ್ತಿಗೆ ಚಿತ್ರ ತೆಗೆಯುವ ಟ್ರೈಫೇಸಿಕ್ ಸಿಟಿ ಆಗಲೇಬೇಕು.

ಸಿಟಿ ಅಂದರೆ ಯಾವ ಸಿಟಿ

ನಮ್ಮ ಕಡೆ ಹಣ ಹಾಳಾಗುವುದು ಇಲ್ಲಿಯೇ. ಚೀಟಿಯಲ್ಲಿ ಬರೀ "ಸಿಟಿ ಅಬ್ಡೊಮೆನ್" ಅಂತ ಬರೆದರೆ ಸೆಂಟರ್‌ನವರು ಔಷಧಿ ಚುಚ್ಚಿ ಒಂದೇ ಸುತ್ತು ತೆಗೆದು ಕಳಿಸಬಹುದು. ಹೊಟ್ಟೆನೋವಿಗೆ ಅದು ಸಾಕು. ಲಿವರ್ ಗಂಟಿಗೆ ಸಾಲದು.

ಯಾಕೆ ಅಂದರೆ, ಲಿವರ್‌ಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಹೆಚ್ಚಿನ ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದಿಂದ, ಉಳಿದದ್ದು ಶುದ್ಧ ರಕ್ತದ ಅಪಧಮನಿಯಿಂದ. ಕ್ಯಾನ್ಸರ್ ಗಂಟು ಮಾತ್ರ ಮುಖ್ಯವಾಗಿ ಅಪಧಮನಿಯಿಂದಲೇ ಕುಡಿಯುತ್ತದೆ. ಹೊಲಕ್ಕೆ ಎರಡು ಕಾಲುವೆ ಇದ್ದು ಒಂದು ಮಡಿಗೆ ಮಾತ್ರ ಬೇರೆ ಕಾಲುವೆಯಿಂದ ನೀರು ಹರಿದರೆ ಆ ಮಡಿ ಮೊದಲು ತುಂಬುತ್ತದೆ, ಉಳಿದ ಹೊಲ ತುಂಬುವ ಹೊತ್ತಿಗೆ ಅದು ಇಂಗಿರುತ್ತದೆ ಅಲ್ವಾ, ಹಾಗೆ. ಔಷಧಿ ಚುಚ್ಚಿದ ಸುಮಾರು 35 ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಗಂಟು ಬೆಳ್ಳಗೆ ಹೊಳೆಯುತ್ತದೆ. ಸುಮಾರು 70 ಸೆಕೆಂಡಿಗೆ ಇಡೀ ಲಿವರ್ ಬೆಳ್ಳಗಾಗುತ್ತದೆ. ಮೂರರಿಂದ ಐದು ನಿಮಿಷಕ್ಕೆ ತೆಗೆದಾಗ ಗಂಟು ಸುತ್ತಲಿನ ಲಿವರ್‌ಗಿಂತ ಕಪ್ಪಾಗಿ ಕಾಣುತ್ತದೆ. ಈ ಮೊದಲು ಹೊಳೆಯುವುದು, ಆಮೇಲೆ ಕಪ್ಪಾಗುವುದು, ಎರಡೂ ಸೇರಿದರೆ ಅದೇ ಗುರುತು. ಕಪ್ಪಾಗುವುದನ್ನು ರಿಪೋರ್ಟ್‌ನಲ್ಲಿ ವಾಶೌಟ್ ಅಂತ ಬರೆಯುತ್ತಾರೆ. ಒಂದೇ ಸುತ್ತಿನ ಸಿಟಿಯಲ್ಲಿ ಇದು ಹೇಗೆ ಗೊತ್ತಾಗಬೇಕು?

ಹಾಗಾಗಿ ಚೀಟಿ ಕೈಗೆ ಬಂದಾಗ ಅದರಲ್ಲಿ "ಟ್ರೈಫೇಸಿಕ್" ಅಥವಾ "ಮಲ್ಟಿಫೇಸ್ ಲಿವರ್" ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ. ಸೆಂಟರ್‌ನಲ್ಲಿ ಬುಕ್ ಮಾಡುವಾಗ ಫೋನಿನಲ್ಲೇ ಇನ್ನೊಮ್ಮೆ ಹೇಳಿ. ಮುಂಚೆ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ, ಕಿಡ್ನಿ ಸರಿ ಇಲ್ಲದಿದ್ದರೆ ಚುಚ್ಚುವ ಔಷಧಿ ಕೊಡುವ ಬಗ್ಗೆ ಯೋಚಿಸಬೇಕಾಗುತ್ತದೆ. ಹಿಂದೆ ಯಾವಾಗಾದರೂ ಇಂಥ ಔಷಧಿಗೆ ಮೈ ತುರಿಸಿ ದದ್ದು ಎದ್ದಿದ್ದರೆ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕಿಡ್ನಿ ನೋಡಿ ನಿಲ್ಲಿಸಬೇಕೋ ಬೇಡವೋ ಅವರು ಹೇಳುತ್ತಾರೆ. ಸಿಡಿ ತಪ್ಪದೆ ಇಸ್ಕೊಳ್ಳಿ, ಬರೀ ರಿಪೋರ್ಟ್ ಹಾಳೆ ಸಾಲದು. ಮುಂದೆ ಹೋಲಿಸಿ ನೋಡುವಾಗ ಚಿತ್ರವೇ ಬೇಕು.

ಎಂಆರ್‌ಐ ಇನ್ನೂ ಚೆನ್ನ, ಅದರಲ್ಲೂ ಎರಡು ಸೆಂಟಿಮೀಟರ್‌ಗಿಂತ ಚಿಕ್ಕ ಗಂಟಿಗೆ. ಆದರೆ ಜಾಸ್ತಿ ಖರ್ಚು, ಒಳಗೆ ಜಾಸ್ತಿ ಹೊತ್ತು ಅಲ್ಲಾಡದೆ ಮಲಗಬೇಕು, ಹೇಳಿದಾಗೆಲ್ಲ ಉಸಿರು ಹಿಡಿಯಬೇಕು. ಉಸಿರು ಹಿಡಿಯಲಾಗದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಸಿಟಿಯೇ ವಾಸಿ. ಕೆಲವರು ತಾವಾಗಿಯೇ ಪೆಟ್ ಸ್ಕ್ಯಾನ್‌ಗೆ ಓಡುತ್ತಾರೆ. ದುಬಾರಿ ಅಂದ ಮಾತ್ರಕ್ಕೆ ಎಲ್ಲ ಸಿಗುತ್ತದೆ ಅಂತಲ್ಲ. ಮಾಮೂಲಿ ಪೆಟ್ ಸ್ಕ್ಯಾನ್‌ನಲ್ಲಿ ಲಿವರ್‌ನದೇ ಕ್ಯಾನ್ಸರ್ ಎಷ್ಟೋ ಸಲ ಕಾಣಿಸುವುದೇ ಇಲ್ಲ.

ಸಿಟಿ ಕೂಡ ನಾರ್ಮಲ್ ಬಂದರೆ

ನಮ್ಮ ಬೀಜದಂಗಡಿಯವರಿಗೆ ಹಾಗೇ ಆಯಿತು. ಸರಿಯಾದ ಟ್ರೈಫೇಸಿಕ್ ಸಿಟಿ, ಅನುಮಾನದ ಗಂಟು ಇಲ್ಲ. ಎಲ್ಲರಿಗೂ ನಿರಾಳ. ಆರು ವಾರಕ್ಕೆ ಎಸ್‌ಜಿಪಿಟಿ 120, ಎಎಫ್‌ಪಿ 40. ಮೂರು ತಿಂಗಳಿಗೆ ಎಸ್‌ಜಿಪಿಟಿ 48, ಎಎಫ್‌ಪಿ 19. ಎರಡೂ ಕೈ ಹಿಡಿದುಕೊಂಡು ಇಳಿಯುತ್ತಿವೆ, ಅಂದರೆ ಏರಿದ್ದರಲ್ಲಿ ದೊಡ್ಡ ಪಾಲು ಉರಿಯೂತದ್ದೇ. ಇಲ್ಲಿಗೆ ಮಗನ ಮಾತು ಸರಿ ಅಂತಲೇ ಕಾಣುತ್ತಿತ್ತು.

ಸಿಟಿ ನಾರ್ಮಲ್ ಬಂದ ಮೇಲೂ ಎಎಫ್‌ಪಿ ತನ್ನ ಹಳೆಯ ಮಟ್ಟಕ್ಕೆ ಇಳಿಯುವ ತನಕ ನಾವು ಮೂರು ತಿಂಗಳಿಗೊಮ್ಮೆ ನೋಡುತ್ತೇವೆ. ಇಲ್ಲಿ ಹೋಲಿಸಬೇಕಾದ್ದು ಲ್ಯಾಬ್ ಹಾಳೆಯಲ್ಲಿ ಅಚ್ಚಾದ ನಾರ್ಮಲ್ ಜೊತೆ ಅಲ್ಲ, ಅದೇ ಮನುಷ್ಯನ ಹಿಂದಿನ ಅಂಕಿಗಳ ಜೊತೆ. ಇವರದು 6 ಇತ್ತು. 19 ಅಂದರೆ ಇನ್ನೂ ಮೂರು ಪಟ್ಟು.

ಆರನೇ ತಿಂಗಳಿಗೆ ಎಸ್‌ಜಿಪಿಟಿ 30 ಬಂತು, ಪೂರ್ತಿ ನಾರ್ಮಲ್. ಎಎಫ್‌ಪಿ 27. ಮನೆಯವರಿಗೆ ಅದೇನೂ ಅನ್ನಿಸಲಿಲ್ಲ. "68 ಇದ್ದದ್ದು 27ಕ್ಕ ಬಂದೈತಲ್ರಿ, ಚಲೋ ಆತಲ್ರಿ" ಅಂದರು ಅವರ ಹೆಂಡತಿ. ಮೊದಲನೆಯ ಮತ್ತು ಕೊನೆಯ ಅಂಕಿ ಎರಡನ್ನೇ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ನಡುವಿನ 19 ನೋಡಿದರೆ ಮಾತ್ರ ಕಥೆ ತಿರುಗಿದ್ದು ಗೊತ್ತಾಗುತ್ತದೆ. ಇಳಿಯುತ್ತಿದ್ದದ್ದು ಮತ್ತೆ ಏರುತ್ತಿದೆ, ಅದೂ ಉರಿಯೂತ ಆರಿದ ಮೇಲೆ. ಒಂದು ತಿಂಗಳು ಬಿಟ್ಟು ಅದೇ ಲ್ಯಾಬ್‌ನಲ್ಲಿ ಮತ್ತೆ ಕೊಡಿಸಿದೆವು: ಎಸ್‌ಜಿಪಿಟಿ 28, ಎಎಫ್‌ಪಿ 44.

ಅಷ್ಟರಲ್ಲಿ ಆದ ಸ್ಕ್ಯಾನಿಂಗ್ ರಿಪೋರ್ಟ್ ಈ ಸಲವೂ "ಗಂಟು ಇಲ್ಲ" ಅಂತಲೇ ಇತ್ತು. ಆದರೆ ಅದರ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ, ಇನ್ನೊಂದು ಸಾಲಿತ್ತು: ಲಿವರ್‌ನ ಮೇಲಿನ ಭಾಗ ಗ್ಯಾಸ್‌ನಿಂದಾಗಿ ಸರಿಯಾಗಿ ಕಾಣಿಸಿಲ್ಲ. ಎದೆಗೂಡಿನ ಅಡಿಯಲ್ಲಿ, ವಪೆಗೆ ಅಂಟಿಕೊಂಡಿರುವ ಈ ಮೂಲೆ ಸ್ಕ್ಯಾನಿಂಗ್‌ಗೆ ಯಾವತ್ತೂ ಕಷ್ಟ. ದಪ್ಪ ಮೈಯವರಲ್ಲಿ, ಕೊಬ್ಬಿನ ಲಿವರ್ ಇದ್ದವರಲ್ಲಿ ಇನ್ನೂ ಕಷ್ಟ. ಇಂಥ ಸಾಲು ನಿಮ್ಮ ರಿಪೋರ್ಟ್‌ನಲ್ಲಿದ್ದರೆ "ಗಂಟು ಇಲ್ಲ" ಅನ್ನುವುದು ಕಂಡ ಭಾಗಕ್ಕೆ ಮಾತ್ರ. (ಸ್ಕ್ಯಾನಿಂಗ್‌ಗೆ ಆರು ತಾಸು ಏನೂ ತಿನ್ನದೆ ಹೋಗಿ ಅಂತ ಹೇಳುವುದು ಇದಕ್ಕೇ. ಬಸ್‌ಸ್ಟ್ಯಾಂಡ್‌ನಲ್ಲಿ ಇಳಿದು ಗಿರ್ಮಿಟ್ ಮಿರ್ಚಿ ತಿಂದು ಚಹಾ ಕುಡಿದು ಬಂದು ಮಲಗಿದರೆ ಗ್ಯಾಸ್ ಬಿಟ್ಟು ಬೇರೇನೂ ಕಾಣುವುದಿಲ್ಲ.)

ಈ ಸಲ ಎಂಆರ್‌ಐ ಮಾಡಿಸಿದೆವು. ಅದೇ ಮೇಲಿನ ಮೂಲೆಯಲ್ಲಿ, ಎಂಟನೇ ಸೆಗ್ಮೆಂಟ್‌ನಲ್ಲಿ, 17 ಮಿಲಿಮೀಟರ್ ಗಂಟು. ಮೊದಲು ಹೊಳೆಯಿತು, ಆಮೇಲೆ ಕಪ್ಪಾಯಿತು. ರಿಪೋರ್ಟ್‌ನಲ್ಲಿ ಲಿರಾಡ್ಸ್ 5 ಅಂತ ಬಂತು. ಲಿರಾಡ್ಸ್ ಅನ್ನೋದು ಸಿರೋಸಿಸ್ ಅಥವಾ ಹಳೆಯ ಹೆಪಟೈಟಿಸ್ ಬಿ ಇರುವವರ ಗಂಟಿಗೆ ರೇಡಿಯಾಲಜಿಸ್ಟ್ ಕೊಡುವ ದರ್ಜೆ. 1 ಅಂದರೆ ಖಂಡಿತ ಕ್ಯಾನ್ಸರ್ ಅಲ್ಲ, 5 ಅಂದರೆ ಲಿವರ್ ಕ್ಯಾನ್ಸರ್ ಅಂತಲೇ ತಿಳಿದು ಚಿಕಿತ್ಸೆ ಶುರು ಮಾಡಬಹುದು, ಸೂಜಿ ಹಾಕಿ ತುಣುಕು ತೆಗೆಯುವ ಬಯಾಪ್ಸಿ ಸಾಮಾನ್ಯವಾಗಿ ಬೇಕಿಲ್ಲ. "ತುಣುಕು ತಗೀಲಾರದ ಕ್ಯಾನ್ಸರ್ ಅಂತ ಹೆಂಗ್ ಹೇಳ್ತೀರಿ" ಅಂತ ತುಂಬಾ ಜನ ಜಗಳ ತೆಗೆಯುತ್ತಾರೆ. ಬೇರೆ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಆ ಪ್ರಶ್ನೆ ಸರಿ, ಇಲ್ಲಿ ಚಿತ್ರವೇ ಸಾಕಷ್ಟು ಖಚಿತ. 3 ಅಥವಾ 4 ಬಂದರೆ ಬೇರೆ ಮಾತು. 3ಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಮತ್ತೆ ಸ್ಕ್ಯಾನ್, 4ಕ್ಕೆ ಸರ್ಜನ್, ರೇಡಿಯಾಲಜಿಸ್ಟ್, ಲಿವರ್ ಡಾಕ್ಟರ್ ಒಟ್ಟಿಗೆ ಕೂತು ತೀರ್ಮಾನ ಮಾಡಬೇಕು, ಬಯಾಪ್ಸಿಯೂ ಬೇಕಾಗಬಹುದು.

17 ಮಿಲಿಮೀಟರ್‌ನಲ್ಲಿ ಸಿಕ್ಕಿದ್ದರಿಂದ ಸೂಜಿಯಿಂದ ಸುಡುವ ಅಬ್ಲೇಷನ್ ಸಾಧ್ಯವಾಯಿತು. ಇದೇ ಗಂಟು ಐದಾರು ಸೆಂಟಿಮೀಟರ್ ಆಗಿ, ರಕ್ತನಾಳಕ್ಕೆ ಇಳಿದಿದ್ದರೆ ಆ ದಾರಿ ಮುಚ್ಚಿರುತ್ತಿತ್ತು. ಒಂದು ತಿಂಗಳಿಗೆ ಮಾಡಿದ ಸಿಟಿಯಲ್ಲಿ ಸುಟ್ಟ ಜಾಗ ಯಾವ ಹೊತ್ತಿನ ಚಿತ್ರದಲ್ಲೂ ಹೊಳೆಯದೆ ಪೂರ್ತಿ ಕಪ್ಪಾಗಿತ್ತು, ಅಂದರೆ ಜೀವಂತ ಗಂಟು ಉಳಿದಿರಲಿಲ್ಲ, ಎಎಫ್‌ಪಿ ಮತ್ತೆ 6ಕ್ಕೆ ಬಂದಿತ್ತು. ಈಗ ಅವರಿಗೆ ಮೂರು ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ, ಯಾಕೆಂದರೆ ಸಿರೋಸಿಸ್ ಲಿವರ್‌ನಲ್ಲಿ ಬೇರೆ ಕಡೆ ಹೊಸ ಗಂಟು ಹುಟ್ಟುವುದು ಮಾಮೂಲು.

ಮಾಮೂಲಿ ಫಾಲೋಅಪ್ ಹೇಗಿರಬೇಕು

ಏನೂ ಅನುಮಾನ ಇಲ್ಲದ ಸಿರೋಸಿಸ್ ರೋಗಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮತ್ತು ಎಎಫ್‌ಪಿ. ಆರು ತಿಂಗಳೇ ಯಾಕೆ ಅಂದರೆ ಇಂಥ ಗಂಟು ಎರಡು ಪಟ್ಟು ಆಗಲು ಸರಾಸರಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಅಂತ ಮಾಡಿದರೆ ಸಿಗುವ ಹೊತ್ತಿಗೆ ದೊಡ್ಡದಾಗಿರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಹೊಸ ಗಂಟು ಕಂಡರೆ ಎಎಫ್‌ಪಿ ಎಷ್ಟೇ ಇರಲಿ ಟ್ರೈಫೇಸಿಕ್ ಸಿಟಿ ಅಥವಾ ಎಂಆರ್‌ಐ. ಅದಕ್ಕಿಂತ ಚಿಕ್ಕದಿದ್ದು ಎಎಫ್‌ಪಿ ಏರಿಲ್ಲ ಅಂದರೆ ಮೂರು ತಿಂಗಳ ಆಸುಪಾಸಿನಲ್ಲಿ ಸ್ಕ್ಯಾನಿಂಗ್ ಮತ್ತೊಮ್ಮೆ.

ಹೆಪಟೈಟಿಸ್ ಸಿ ಮಾತ್ರೆಯಿಂದ ಪೂರ್ತಿ ವಾಸಿಯಾದರೂ, ಸಾರಾಯಿ ಬಿಟ್ಟು ವರ್ಷಗಳಾದರೂ, ಸಿರೋಸಿಸ್ ಇದ್ದರೆ ಈ ಸ್ಕ್ಯಾನಿಂಗ್ ನಿಲ್ಲುವುದಿಲ್ಲ. ಲಿವರ್ ಪೂರ್ತಿ ಸೋತು, ಕಸಿಯೂ ಸಾಧ್ಯವಿಲ್ಲದವರಿಗೆ ಮಾತ್ರ ಇದರಿಂದ ಪ್ರಯೋಜನ ಇಲ್ಲ, ಅವರಿಗೆ ಸುಮ್ನೆ ಹಿಂಸೆ ಕೊಡಬಾರದು. ರಕ್ತವಾಂತಿ, ಟಾರಿನಂತೆ ಕಪ್ಪು ಮಲ, ಮಾತು ತೊದಲಿ ಗೊಂದಲ, ಇವೆಲ್ಲ ಬಂದರೆ ಸ್ಕ್ಯಾನ್ ತಾರೀಖಿಗೆ ಕಾಯದೆ ಆವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.

ಖರ್ಚಿನ ಬಗ್ಗೆ ಒಂದು ಮಾತು. ಹೆಪಟೈಟಿಸ್ ಬಿ ಮತ್ತು ಸಿ ಮಾತ್ರೆಗಳು 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪುಕ್ಕಟೆ ಸಿಗುತ್ತವೆ. ಹಿಂದೆ ಕಿಮ್ಸ್ ಅನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲೋ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೋ ಕೇಳಿ. ಸಿಟಿ, ಎಂಆರ್‌ಐ ಮಾಡಿಸುವ ಮುಂಚೆ ಬಿಪಿಎಲ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ನೋಡಿ, ಯಾವುದಕ್ಕೆ ಯೋಜನೆಯಲ್ಲಿ ಸಿಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಬಿಲ್ ಆದ ಮೇಲೆ ಕೇಳಿದರೆ ಉಪಯೋಗ ಕಡಿಮೆ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಒಂದು ಪುಟ ಸಾಕು. ತಾರೀಖು, ಲ್ಯಾಬ್ ಹೆಸರು, ಎಎಫ್‌ಪಿ, ಎಸ್‌ಜಿಪಿಟಿ, ಸ್ಕ್ಯಾನ್‌ನಲ್ಲಿ ಕಂಡದ್ದು, ಲಿವರ್ ಪೂರ್ತಿ ಕಂಡಿತೋ ಇಲ್ಲವೋ. ಯಾವ ಊರಿನ ಯಾವ ಡಾಕ್ಟರ್ ಹತ್ತಿರ ಹೋದರೂ ಒಂದು ನಿಮಿಷದಲ್ಲಿ ಅಂಕಿ ಯಾವ ಕಡೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಬೀಜದಂಗಡಿಯವರ ಮಗ ಇದನ್ನು ಉದ್ರಿ ಬರೆಯುವ ಖಾತೆ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದ. ಆ 19 ನಮ್ಮ ಕಣ್ಣಿಗೆ ಬಿದ್ದದ್ದು ಅಲ್ಲಿ, ಆಸ್ಪತ್ರೆ ಫೈಲ್‌ನಲ್ಲಿ ಆ ಹಾಳೆ ಇರಲೇ ಇಲ್ಲ.

ಹೆಪಟೈಟಿಸ್ ಬಿ ಇರುವ ಮನೆಗಳಿಗೆ ಇನ್ನೊಂದು ಕೆಲಸ ಇದೆ. ಒಡಹುಟ್ಟಿದವರು, ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲರೂ ಒಮ್ಮೆ ಎಚ್‌ಬಿಎಸ್‌ಎಜಿ ಟೆಸ್ಟ್ ಮಾಡಿಸಬೇಕು. ನೆಗೆಟಿವ್ ಬಂದು, ಮುಂಚೆ ಲಸಿಕೆ ಆಗಿಲ್ಲ ಅಂದರೆ ಹಾಕಿಸಿಕೊಳ್ಳಬೇಕು. ಇವರ ಮನೆಯಲ್ಲಿ ಹೆಂಡತಿ ಮಕ್ಕಳದು ನೆಗೆಟಿವ್ ಬಂತು. 46 ವರ್ಷದ ತಮ್ಮನದು ಪಾಸಿಟಿವ್. ಸಿರೋಸಿಸ್ ಇಲ್ಲ, ಎಸ್‌ಜಿಪಿಟಿ ನಾರ್ಮಲ್, ಎಎಫ್‌ಪಿ 4. ಆದರೂ ಏಷ್ಯಾದ ಗಂಡಸರಲ್ಲಿ ಹೆಪಟೈಟಿಸ್ ಬಿ ಇದ್ದು 40 ದಾಟಿದರೆ, ಹೆಂಗಸರಲ್ಲಿ 50 ದಾಟಿದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿದ್ದರೆ, ಸಿರೋಸಿಸ್ ಇಲ್ಲದಿದ್ದರೂ ಆರು ತಿಂಗಳ ಲೆಕ್ಕ ಶುರುವಾಗುತ್ತದೆ. ಅವನ ಹೆಸರಿನ ಪುಟವೂ ಈಗ ಅದೇ ಖಾತೆ ಪುಸ್ತಕದಲ್ಲಿದೆ, ಮುಂದಿನ ಸ್ಕ್ಯಾನಿಂಗ್‌ಗೆ ಅಣ್ಣ ತಮ್ಮ ಇಬ್ಬರಿಗೂ ಒಂದೇ ದಿನ ಕೊಟ್ಟಿದ್ದೇವೆ.